ಒಂದೇ ತಾರೀಕಿನ ಬದಲು ಮೂರು ಅಂದಾಜು: ಹಲವು ವರ್ಷಗಳ ಬಳಕೆಯ ನಂತರ

ತೀರ್ಥಹಳ್ಳಿ, ಹೊಸನಗರದ ಕಡೆ ಮನೆ ಕಟ್ಟಿಸಿಕೊಡುವ ನಾನು, ಕೆಲಸ ಮುಗಿಯುವ ದಿನವನ್ನು ಹೇಳಲು ಹಲವು ವರ್ಷಗಳಿಂದ ಮೂರು ಅಂದಾಜಿನ ಪದ್ಧತಿಯನ್ನೇ ಬಳಸುತ್ತಿದ್ದೇನೆ. ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ 1950ರ ದಶಕದ ಕೊನೆಯಲ್ಲಿ ರೂಪುಗೊಂಡ ಈ ಲೆಕ್ಕಕ್ಕೆ ಒಂದು ಎಕ್ಸೆಲ್ ಹಾಳೆ ಸಾಕು. ಪ್ರತಿ ಕೆಲಸಕ್ಕೂ ಎಲ್ಲ ಸರಿಹೋದರೆ ಹಿಡಿಯುವ ದಿನ, ಸಾಮಾನ್ಯವಾಗಿ ಹಿಡಿಯುವ ದಿನ, ಎಲ್ಲ ಕೆಟ್ಟರೆ ಹಿಡಿಯುವ ದಿನ ಇವುಗಳನ್ನು B, C, D ಕಾಲಂಗಳಲ್ಲಿ ಬರೆದು, ಸರಾಸರಿಯನ್ನೂ ಏರುಪೇರನ್ನೂ ಹೀಗೆ ತೆಗೆಯುತ್ತೇನೆ:

```
=(B2+4*C2+D2)/6
=(D2-B2)/6
```

ಜಂಬಿಟ್ಟಿಗೆ ಗೋಡೆ, ಹೆಂಚಿನ ಮಾಡಿನ ಒಂದು ಮನೆಯನ್ನು ನೋಡೋಣ. ಪಾಯಕ್ಕೆ 12, 15, 24 ದಿನ. ಗೋಡೆಗೆ 20, 26, 44. ಪಕಾಸು, ರೀಪು, ಹೆಂಚು ಸೇರಿ ಮಾಡಿಗೆ 14, 17, 38. ಸರಾಸರಿಗಳು ಕ್ರಮವಾಗಿ 16, 28, 20 ಆಗಿ ಒಟ್ಟು 64 ದಿನವಾಗುತ್ತದೆ. ಮೇಸ್ತ್ರಿ ಬಾಯಲ್ಲಿ ಬರುವ ಸಾಮಾನ್ಯ ದಿನಗಳನ್ನಷ್ಟೇ ಕೂಡಿದರೆ 58 ಬರುತ್ತದೆ. ಏರುಪೇರುಗಳಾದ 2, 4, 4ನ್ನು ನೇರವಾಗಿ ಕೂಡದೆ, ಅವುಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 6 ಸಿಗುತ್ತದೆ. ಅಂದರೆ ಮೂರರಲ್ಲಿ ಎರಡು ಪಾಲು ಸಾಧ್ಯತೆ 58ರಿಂದ 70ನೇ ದಿನದೊಳಗೆ ಇರುತ್ತದೆ. ಎಲ್ಲರೂ ನಂಬುವ 58ನೇ ದಿನದೊಳಗೆ ಮುಗಿಯುವ ಸಾಧ್ಯತೆ ಈ ಲೆಕ್ಕದಲ್ಲಿ ಆರರಲ್ಲಿ ಒಂದು ಮಾತ್ರ.

ಈ ಪದ್ಧತಿಯ ದೊಡ್ಡ ಕೊರತೆಯೂ ಇಲ್ಲೇ ಇದೆ. ವರ್ಗಮೂಲದ ಲೆಕ್ಕ ನಿಲ್ಲುವುದು ಒಂದು ಕೆಲಸದ ವಿಳಂಬಕ್ಕೂ ಇನ್ನೊಂದರದಕ್ಕೂ ಸಂಬಂಧವಿಲ್ಲ ಎಂದಾಗ ಮಾತ್ರ. ಒಂದೇ ಗಾರೆ ತಂಡ ಮೂರನ್ನೂ ಮಾಡುವಾಗ, ಅವರಲ್ಲಿ ಇಬ್ಬರು ಬೇರೆ ಕಡೆ ಹೊರಟುಹೋದರೆ ಪಾಯ, ಗೋಡೆ, ಮಾಡು ಮೂರೂ ಒಟ್ಟಿಗೇ ಹಿಂದೆ ಬೀಳುತ್ತವೆ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯೂ ಒಂದೇ ಕೆಲಸವನ್ನು ಆರಿಸಿಕೊಂಡು ಸುರಿಯುವುದಿಲ್ಲ. ಅಂಥ ಕಡೆ ನಾನು ಏರುಪೇರುಗಳನ್ನು ನೇರವಾಗಿಯೇ ಕೂಡಿ 10 ಎಂದು ಹಿಡಿದು, 54ರಿಂದ 74 ದಿನ ಎನ್ನುತ್ತೇನೆ.

ಇನ್ನೊಂದು ತೊಡಕು ಕೆಟ್ಟ ದಿನದ ಅಂದಾಜಿನದು. ಸಾಮಾನ್ಯ ದಿನವನ್ನು ಮೊದಲು ಕೇಳಿದರೆ ಮೇಸ್ತ್ರಿ ಅದಕ್ಕೇ ಅಂಟಿಕೊಂಡು "ಹೆಚ್ಚೆಂದರೆ ಇನ್ನೆರಡು ದಿನ, ಸ್ವಾಮಿ" ಎನ್ನುತ್ತಾರೆ. ಆದ್ದರಿಂದ ಮೊದಲು ಕೇಳುವುದು, ಕಳೆದ ಸಲ ತೀರಾ ತಡವಾದ ಮಾಡು ಯಾವುದು, ಏಕೆ ಎಂದು. ಮುಗಿದ ಕೆಲಸಗಳು D ಕಾಲಂನ ಸಂಖ್ಯೆಯನ್ನು ಪದೇ ಪದೇ ದಾಟುತ್ತಿದ್ದರೆ ಆ ಕಾಲಂ ಕಿರಿದಾಗಿದೆ ಎಂದೇ ಅರ್ಥ.

ಮನೆಯವರಿಗೆ ಗೃಹಪ್ರವೇಶದ ಮುಹೂರ್ತಕ್ಕೆ ಒಂದೇ ದಿನ ಬೇಕು, ಅದು ಸಹಜ. ಅವರಿಗೆ ನಾನು ಕೊಡುವುದು 74ನೇ ದಿನದ ನಂತರದ ತಾರೀಕನ್ನು. ಹೆಂಚಿನ ಲೋಡು ತರಿಸುವುದಕ್ಕೆ ಮಾತ್ರ ಮೊದಲ ತುದಿಯನ್ನು ನೋಡುತ್ತೇನೆ, ಏಕೆಂದರೆ ಕೆಲಸ ಬೇಗ ಸಾಗಿದರೆ ಹೆಂಚಿಗಾಗಿ ತಂಡ ಕೈಕಟ್ಟಿ ಕೂರಬಾರದು. ಪಾಯ ಮುಗಿದ ದಿನವೇ ಉಳಿದೆರಡು ಸಾಲುಗಳನ್ನು ಹೊಸದಾಗಿ ಕೂಡಿ ಎರಡು ತುದಿಗಳನ್ನೂ ತಿದ್ದುತ್ತೇನೆ. ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಆ ವರ್ಗಮೂಲಕ್ಕೆ.