ಫೋಟೋ ಜಾಗ ತುಂಬಿತು, ಕೇಳದೆಯೇ ದೊಡ್ಡ ಪ್ಲ್ಯಾನ್ ಬಂತು: ನಿಮ್ಮ ಕಾರ್ಡ್ ನೋಡಿಕೊಳ್ಳಿ

ಅಮ್ಮನ ಫೋನಿನ ಫೋಟೋಗಳಿಗೆಂದು ತಿಂಗಳಿಗೆ 100 ರೂಪಾಯಿಯ ಕ್ಲೌಡ್ ಪ್ಲ್ಯಾನ್ ತೆಗೆದುಕೊಂಡಿದ್ದೆವು. ಕಾರ್ಡ್ ನನ್ನದು. ಈಗ ಅದೇ ಕಾರ್ಡಿನಿಂದ ತಿಂಗಳಿಗೆ 400 ರೂಪಾಯಿ ಹೋಗುತ್ತಿದೆ. ದೊಡ್ಡ ಪ್ಲ್ಯಾನ್ ಬೇಕು ಅಂತ ಅಮ್ಮನೂ ಹೇಳಿಲ್ಲ, ನಾನೂ ಹೇಳಿಲ್ಲ. ಒಟಿಪಿ ಕೂಡ ಬರಲಿಲ್ಲ.

ಒಟಿಪಿ ಇಲ್ಲದೆ ಹೇಗೆ ಸಾಧ್ಯ ಅಂತ ಬ್ಯಾಂಕಿನಲ್ಲಿ ಕೇಳಿದೆ. ಮೊದಲ ಸಲ ಹಣ ಕಟ್ಟುವಾಗ ಒಟಿಪಿ ಕೊಟ್ಟು ಒಂದು ಇ-ಮ್ಯಾಂಡೇಟ್, ಅಂದರೆ ಮುಂದೆ ಹಣ ತಾನಾಗಿ ಕಡಿತವಾಗಲು ಅನುಮತಿ, ಒಪ್ಪಿರುತ್ತೇವೆ. ಅದರಲ್ಲಿ ತಿಂಗಳ ದರದ ಜೊತೆಗೆ ಗರಿಷ್ಠ ಮೊತ್ತ ಅಂತ ಇನ್ನೊಂದು ಅಂಕಿ ಇರಬಹುದು. ನಮ್ಮದರಲ್ಲಿ ಅದು 5,000 ರೂಪಾಯಿ ಇತ್ತು. ಅದರೊಳಗೆ ದರ ಎಷ್ಟು ಏರಿದರೂ ಹೊಸ ಒಟಿಪಿ ಬೇಕಾಗಿಲ್ಲ. ಇತ್ತ ಪ್ಲ್ಯಾನಿನ ಸೆಟ್ಟಿಂಗ್ಸಿನಲ್ಲಿ, ಜಾಗ ತುಂಬುತ್ತಾ ಬಂದರೆ ತಾನಾಗಿ ಮುಂದಿನ ಪ್ಲ್ಯಾನಿಗೆ ಹೋಗುವ ಆಯ್ಕೆ ಆನ್ ಆಗಿತ್ತು. ಎರಡೂ ಸೇರಿದರೆ ಯಾರನ್ನೂ ಕೇಳಬೇಕಿಲ್ಲ, ಅಲ್ವಾ? ಇದು ನನಗೆ ನಿಜಕ್ಕೂ ಸಿಟ್ಟು ತರಿಸಿದ ವಿಷಯ. ಜಾಗ ತುಂಬಿದರೆ ಬ್ಯಾಕಪ್ ನಿಲ್ಲಿಸಿ ನಮ್ಮನ್ನು ಕೇಳಬೇಕು. ಹಣ ಕಿತ್ತುಕೊಂಡು ಆಮೇಲೆ ಹೇಳುವುದಲ್ಲ.

ಹಣ ಹೋಗುವ ಮುಂಚೆ ತಿಳಿಯಲು ಒಂದು ದಾರಿ ಇದೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಇಂಥ ತಿಂಗಳ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕು ಎಸ್ಸೆಮ್ಮೆಸ್ ಅಥವಾ ಇಮೇಲ್ ಕಳಿಸಬೇಕು. ಅದರಲ್ಲಿ ಯಾರಿಗೆ, ಎಷ್ಟು, ಯಾವತ್ತು ಎಂದೆಲ್ಲ ಇರುತ್ತದೆ. ಬೇಡವೆಂದರೆ ಆ ಕಡಿತವನ್ನು ತಡೆಯುವ ದಾರಿಯೂ ಅಲ್ಲೇ ಇರುತ್ತದೆ. ಜಾಹೀರಾತು ಮೆಸೇಜುಗಳ ನಡುವೆ ಇದು ಸುಲಭವಾಗಿ ಕಳೆದುಹೋಗುತ್ತದೆ. ಹೆಸರು ಹಳೆಯದೇ ಇದ್ದರೂ ಮೊತ್ತವನ್ನು ಓದಿ.

ಅಮ್ಮನ ಫೋನಿನಲ್ಲಿ ಜಾಗ ತಿಂದಿದ್ದು ಮೊಮ್ಮಕ್ಕಳ ಫೋಟೋಗಳಲ್ಲ, ವಾಟ್ಸಾಪ್ ಗುಂಪುಗಳಿಂದ ಬಂದು ಗ್ಯಾಲರಿಗೆ ಸೇರಿದ ವಿಡಿಯೋಗಳು. ವಾಟ್ಸಾಪ್ ಫೋಲ್ಡರಿನ ಬ್ಯಾಕಪ್ ಆಫ್ ಮಾಡಿ, ದೊಡ್ಡ ವಿಡಿಯೋಗಳನ್ನು ಅಳಿಸಿದೆವು. ಕಸದ ಬುಟ್ಟಿ ಖಾಲಿ ಮಾಡುವವರೆಗೂ ಜಾಗ ಒಂದಿಷ್ಟೂ ಬಿಡುವಾಗಲಿಲ್ಲ, ಏಕೆಂದರೆ ಬುಟ್ಟಿಯಲ್ಲಿರುವುದೂ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿ ಒಂದು ಮಾತು: ಬ್ಯಾಕಪ್ ಆನ್ ಇರುವಾಗ ಫೋಟೋ ಬ್ಯಾಕಪ್ ಆ್ಯಪಿನಲ್ಲಿ ಅಳಿಸಿದ ಫೋಟೋ ಸಾಮಾನ್ಯವಾಗಿ ಫೋನಿನಿಂದಲೂ ಹೋಗುತ್ತದೆ. ಬೇಕಾದದ್ದನ್ನು ಮೊದಲು ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಇಳಿಸಿಕೊಳ್ಳಿ.

ಸುಮ್ನೆ ಆ್ಯಪ್ ತೆಗೆದುಹಾಕಿದರೆ ಕಡಿತ ನಿಲ್ಲುವುದಿಲ್ಲ, ಚಂದಾ ಇರುವುದು ಖಾತೆಯಲ್ಲಿ. ಮೊದಲು ತಾನಾಗಿ ಏರುವ ಆಯ್ಕೆ ಆಫ್ ಮಾಡಿ. ಆಮೇಲೆ ಚಿಕ್ಕ ಪ್ಲ್ಯಾನಿಗೆ ಇಳಿಯಿರಿ. ನಮಗೆ ಅದು ಕಟ್ಟಿದ ತಿಂಗಳು ಮುಗಿದ ಮೇಲೇ ಜಾರಿಗೆ ಬರುತ್ತದೆ ಎಂದು ತೋರಿಸಿತು. ಹಣ ವಾಪಸ್ ಕೇಳಿದ್ದಕ್ಕೆ ಕೊನೆಯ ತಿಂಗಳದ್ದು ಮಾತ್ರ ಬಂತು, ಹಿಂದಿನದಕ್ಕೆ ಆಗುವುದಿಲ್ಲ ಎಂದರು. ಕೊನೆಗೆ ಬ್ಯಾಂಕಿನ ಆ್ಯಪಿನಲ್ಲಿ ಹಳೆಯ ಮ್ಯಾಂಡೇಟನ್ನೇ ರದ್ದು ಮಾಡಿ, ಗರಿಷ್ಠ ಮೊತ್ತ 150 ರೂಪಾಯಿ ಇಟ್ಟು ಹೊಸದು ಮಾಡಿದೆವು.