Euler, Euler a, DPM++ 2M: ಎಷ್ಟು ಸ್ಟೆಪ್ ಸಾಕು?

ಮಡಿಕೇರಿ ಹತ್ತಿರ ನಮ್ಮ ಚಿಕ್ಕಮ್ಮ ಹೋಂಸ್ಟೇ ನಡೆಸುತ್ತಾರೆ. ಅದರ ಕಾರ್ಡಿಗೆ ಒಂದು ಚಿತ್ರ ಬೇಕಿತ್ತು: ಇಬ್ಬನಿ ಬಿದ್ದ ಕಾಫಿ ಹಣ್ಣು, ಹಿಂದೆ ಮಂಜಿನಲ್ಲಿ ಸಿಲ್ವರ್ ಓಕ್ ಮರಗಳು. ಬರೆದದ್ದನ್ನು ಚಿತ್ರವಾಗಿಸುವ AI ಮಾಡೆಲ್ ಸ್ಟೇಬಲ್ ಡಿಫ್ಯೂಷನ್ 1.5ರಲ್ಲಿ ಪ್ರಾಂಪ್ಟ್, ಸೀಡ್ ಎರಡನ್ನೂ ಹಾಗೇ ಇಟ್ಟು, ಸ್ಯಾಂಪ್ಲರ್ ಮತ್ತು ಸ್ಟೆಪ್ ಮಾತ್ರ ಬದಲಿಸುತ್ತಾ ಹೋದೆ. ನಾಯ್ಸ್, ಅಂದರೆ ಅರ್ಥವಿಲ್ಲದ ಚುಕ್ಕೆಗಳ ರಾಶಿ, ಅದನ್ನು ಸ್ಟೆಪ್ ಸ್ಟೆಪ್ಪಾಗಿ ತೆಗೆದು ಚಿತ್ರ ತರುವ ವಿಧಾನವೇ ಸ್ಯಾಂಪ್ಲರ್; ಮೊದಲಿನ ನಾಯ್ಸ್ ಯಾವುದೆಂದು ತೀರ್ಮಾನಿಸುವ ಸಂಖ್ಯೆ ಸೀಡ್. ಸೀಡ್ ಬದಲಾದರೆ ಹೋಲಿಸಿ ಪ್ರಯೋಜನವಿಲ್ಲ.

DPM++ 2M Karras 10 ಸ್ಟೆಪ್‌ನಲ್ಲಿ ಹಣ್ಣುಗಳು ಒಂದಕ್ಕೊಂದು ಕಲಸಿಕೊಂಡಿದ್ದವು, ಎಲೆಗೆ ನರಗಳೇ ಇರಲಿಲ್ಲ. 20ಕ್ಕೆ ನರಗಳು ಬಂದವು, ಹನಿಯೊಳಗೆ ಬೆಳಕೂ ಕಂಡಿತು. 25 ಮತ್ತು 50ರ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಬದಲಿಸಿ ನೋಡಿದೆ. ಮಂಜಿನೊಳಗಿನ ಒಂದೆರಡು ಎಲೆಯ ಅಂಚು ಬಿಟ್ಟರೆ ವ್ಯತ್ಯಾಸ ಇಲ್ಲ. ಸಮಯ ಮಾತ್ರ ಎರಡರಷ್ಟು.

Euler 20ರಲ್ಲಿ ಇನ್ನೂ ಮಸುಕು, 30 ದಾಟಿದ ಮೇಲೆ ಸರಿಯಾಯಿತು. ಕೊನೆಗೆ ಅದು ಬಂದು ನಿಂತದ್ದು ಹೆಚ್ಚುಕಡಿಮೆ ಅದೇ ಚಿತ್ರಕ್ಕೆ. ಎರಡೂ ಬಿಡಿಸುವುದು ಒಂದೇ ಸಮೀಕರಣವನ್ನು, ಅದಕ್ಕೇ ಹೀಗೆ. 2M ಹಿಂದಿನ ಸ್ಟೆಪ್‌ನ ಉತ್ತರವನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಕಡಿಮೆ ಸ್ಟೆಪ್‌ನಲ್ಲೇ ಅಲ್ಲಿಗೆ ಮುಟ್ಟುತ್ತದೆ. Heun ಅನ್ನುವ ಸ್ಯಾಂಪ್ಲರ್ ಕೂಡ ಬೇಗ ಮುಟ್ಟುತ್ತದೆ, ಆದರೆ ಪ್ರತಿ ಸ್ಟೆಪ್‌ಗೂ ಮಾಡೆಲನ್ನು ಎರಡು ಸಲ ಓಡಿಸುತ್ತದೆ. ಅದರ 20 ಅಂದರೆ ಸಮಯದ ಲೆಕ್ಕದಲ್ಲಿ ಸುಮಾರು 40.

Euler a ಸ್ವಭಾವವೇ ಬೇರೆ. 20ರಲ್ಲಿ ಎಡಕ್ಕೆ ಬಾಗಿದ್ದ ಕೊಂಬೆ 30ರಲ್ಲಿ ನೆಟ್ಟಗಾಗಿತ್ತು, 50ರಲ್ಲಿ ಇನ್ನೊಂದು ಕೊಂಬೆಯೇ ಹುಟ್ಟಿತ್ತು. ಪ್ರತಿ ಸ್ಟೆಪ್‌ನಲ್ಲೂ ಹೊಸ ನಾಯ್ಸ್ ಬೆರೆಸುವುದರಿಂದ ಅದು ಒಂದು ಕಡೆ ನಿಲ್ಲುವುದಿಲ್ಲ. ಅಲ್ಲಿ 50ರ ಚಿತ್ರ ಹೆಚ್ಚು ಇಷ್ಟವಾದರೆ ಅದು ಬೇರೆ ಚಿತ್ರ ಸಿಕ್ಕಿದ್ದಕ್ಕೆ, ಸ್ಟೆಪ್ ಜಾಸ್ತಿ ಆದದ್ದಕ್ಕಲ್ಲ. ಹಾಗಿದ್ದ ಮೇಲೆ 25ರಲ್ಲೇ ಸೀಡ್ ಬದಲಿಸಿ ನೋಡಬಹುದು, ಅಲ್ವಾ? ಐಡಿಯಾ ಹುಡುಕುವಾಗ ನನಗೆ Euler a ಇಷ್ಟ. ಕೊನೆಯ ಚಿತ್ರಕ್ಕೆ ಮಾತ್ರ 2M.

ಚಿಕ್ಕಮ್ಮ 2M ಚಿತ್ರ ನೋಡಿದ ತಕ್ಷಣ, "ಕಾಫಿ ಹಣ್ಣು ಹೀಗೆ ಉದ್ದ ತೊಟ್ಟಿನಲ್ಲಿ ನೇತಾಡುತ್ತೇನೋ? ಗೆಣ್ಣಿಗೆ ಅಂಟಿಕೊಂಡು ಗುಂಪಾಗಿ ಇರುತ್ತೆ" ಅಂದರು. ಅವರ ಮಾತು ಸರಿ, ಮಾಡೆಲ್ ಚೆರಿ ಹಣ್ಣು ಬಿಡಿಸಿತ್ತು. 80 ಸ್ಟೆಪ್ ಕೊಟ್ಟರೂ ಚೆರಿಯೇ. ಮಾಡೆಲ್‌ಗೆ ಗೊತ್ತಿಲ್ಲದ್ದನ್ನು ಸ್ಟೆಪ್ ಕಲಿಸುವುದಿಲ್ಲ. ತೋಟದ ಫೋಟೋದಿಂದ ಒಂದು ಗೆಣ್ಣಿನ ಭಾಗ ಕತ್ತರಿಸಿ ಚಿತ್ರದ ಮೇಲೆ ಅಂಟಿಸಿ, ಆ ಜಾಗಕ್ಕಷ್ಟೇ ಇನ್‌ಪೇಂಟ್ ಮಾಡಿದೆ, ಅಂದರೆ ಅಷ್ಟನ್ನು ಮಾತ್ರ ಮಾಡೆಲ್‌ನಿಂದ ಮತ್ತೆ ಬಿಡಿಸಿದೆ.

ಇಲ್ಲಿ ಮಾತ್ರ ಸ್ಟೆಪ್ ಏರಿಸಬೇಕಾಯಿತು. ನಾನು ಮಾಡೆಲ್ ಓಡಿಸುವ AUTOMATIC1111 ತಂತ್ರಾಂಶದಲ್ಲಿ, ಇದ್ದ ಚಿತ್ರವನ್ನು ಎಷ್ಟು ಬದಲಿಸಬೇಕೆಂದು ಹೇಳುವ ಡಿನಾಯ್ಸಿಂಗ್ 0.5 ಇಟ್ಟರೆ, 24 ಸ್ಟೆಪ್ ಕೇಳಿದರೂ ನಿಜವಾಗಿ ಓಡುವುದು ಸುಮಾರು 12. ಹಣ್ಣಿನ ಸಿಪ್ಪೆ ಮಸುಕಾಗಿ ಬರುತ್ತಿತ್ತು. 44 ಕೊಟ್ಟೆ, ಸರಿಹೋಯಿತು.