ಮೈಲುತುತ್ತದ ದ್ರಾವಣದ ಸಾರತೆ: ಕಣ್ಣಳತೆಯೋ, ಕಲರಿಮೀಟರೋ?

ಮಂಡ್ಯದ ಪ್ರೌಢಶಾಲೆಯೊಂದರ ಪ್ರಯೋಗಾಲಯದಲ್ಲಿ ಮೈಲುತುತ್ತದ ನೀಲಿ ದ್ರಾವಣದ ಸಾರತೆಯನ್ನು ಅಂದಾಜು ಮಾಡಲು ಎರಡು ದಾರಿಗಳಿವೆ. ಎರಡಕ್ಕೂ 0.05, 0.10, 0.15 ಮತ್ತು 0.20 ಮೋಲಾರ್ ಮಾದರಿ ದ್ರಾವಣಗಳು ಬೇಕು.

ಕಣ್ಣಳತೆಯಲ್ಲಿ ಒಂದೇ ಗಾತ್ರದ ಪ್ರನಾಳಗಳಿಗೆ ಒಂದೇ ಮಟ್ಟದವರೆಗೆ ದ್ರಾವಣ ತುಂಬಿ, ಬಿಳಿ ಹಾಳೆಯ ಮೇಲಿಟ್ಟು, ಮೇಲಿನಿಂದ ನೋಡಿ ಬಣ್ಣವನ್ನು ಹೋಲಿಸಬೇಕು. ಇದಕ್ಕೆ ಖರ್ಚಿಲ್ಲ, ಆದರೆ ಉತ್ತರ ‘0.10 ಮತ್ತು 0.15ರ ನಡುವೆ’ ಎಂಬಲ್ಲಿಗೆ ನಿಲ್ಲುತ್ತದೆ.

ದ್ರಾವಣ ಎಷ್ಟು ಬೆಳಕನ್ನು ಹೀರುತ್ತದೆಂದು ಅಳೆಯುವ ಕಲರಿಮೀಟರ್ ಬಣ್ಣದ ಇದೇ ಅಂತರವನ್ನು ಸಂಖ್ಯೆಯಾಗಿ ಕೊಡುತ್ತದೆ. ನೀಲಿ ದ್ರಾವಣವು ಹೀರುವುದು ಕೆಂಪು ಬೆಳಕನ್ನಾದ್ದರಿಂದ ಕೆಂಪು ಫಿಲ್ಟರನ್ನೇ ಹಾಕಬೇಕು. ನೀಲಿ ಫಿಲ್ಟರ್ ಹಾಕಿದರೆ ಎಲ್ಲ ಮಾದರಿಗಳೂ ಸೊನ್ನೆಯ ಆಸುಪಾಸಿನಲ್ಲೇ ಉಳಿಯುತ್ತವೆ. ಬಟ್ಟಿ ಇಳಿಸಿದ ನೀರಿನಿಂದ ಸೊನ್ನೆ ಹೊಂದಿಸಿದ ಮೇಲೆ ಮಾದರಿಗಳು ಕ್ರಮವಾಗಿ 0.14, 0.28, 0.42, 0.56 ತೋರಿಸಿದವೆನ್ನಿ. ಗ್ರಾಫಿನಲ್ಲಿ ಇವು ಸರಳರೇಖೆಯಾಗುತ್ತವೆ. ಅಪರಿಚಿತ ದ್ರಾವಣ 0.35 ತೋರಿಸಿದರೆ ಅದರ ಸಾರತೆ 0.125 ಮೋಲಾರ್. ರೇಖೆಯ ತುದಿಯಾಚೆಗೆ ಹೋಗುವಷ್ಟು ಗಾಢವಾಗಿದ್ದರೆ ಅಳೆದು ತೆಳುಗೊಳಿಸಿ ಮತ್ತೆ ನೋಡಬೇಕು.

ಆದರೂ ಒಂದು ವಿಷಯದಲ್ಲಿ ಕಣ್ಣೇ ಮೇಲು. ಗಡುಸಾದ ಬೋರ್‌ವೆಲ್ ನೀರಿನಲ್ಲಿ ಮೈಲುತುತ್ತ ಕರಗಿಸಿದರೆ ದ್ರಾವಣ ಮಬ್ಬಾಗಬಹುದು. ಆ ಮಬ್ಬು ಚದುರಿಸಿದ ಬೆಳಕನ್ನೂ ಉಪಕರಣ ಹೀರಲ್ಪಟ್ಟಿದ್ದೆಂದೇ ಎಣಿಸಿ ಅಂಕಿಯನ್ನು ಹಿಗ್ಗಿಸುತ್ತದೆ. ಉಪಕರಣದೊಳಗೆ ದ್ರಾವಣವನ್ನಿಡುವ ಪಾರದರ್ಶಕ ಪಾತ್ರೆಯಾದ ಕ್ಯೂವೆಟ್ಟಿನ ಮೇಲಿನ ಬೆರಳಚ್ಚಿನದೂ ಇದೇ ಕಥೆ. ಸಂಖ್ಯೆ ಬೇಕಿದ್ದವರು ಕಲರಿಮೀಟರನ್ನೇ ಆರಿಸಲಿ, ಆದರೆ ದ್ರಾವಣವನ್ನು ಮೊದಲು ಬೆಳಕಿಗೆ ಹಿಡಿದು ನೋಡಲಿ.